ಆಗಿದೆಯೋ, ಆಗಿಲ್ಲವೋ: ಮೂರು ಬಾತ್‌ರೂಮಿನ ಲೆಕ್ಕ

ದಾವಣಗೆರೆ ವಿದ್ಯಾನಗರದಲ್ಲಿ ಒಂದು ಮನೆ ಕೆಲಸ ನೋಡಿಕೊಳ್ಳುತ್ತಿದ್ದೆ. ಯಜಮಾನರದು ಚೌಕಿಪೇಟೆಯಲ್ಲಿ ಅಂಗಡಿ. ಆಷಾಢ ಹತ್ತಿರ ಬರುತ್ತಿತ್ತು. ಅದಕ್ಕೂ ಮುಂಚೆ ಗೃಹಪ್ರವೇಶ ಮುಗಿಸಬೇಕು ಎಂದು ಮೂರು ವಾರ ಮುಂದಿನ ಒಂದು ದಿನ ನೋಡಿಸಿದ್ದರು. ಶನಿವಾರ ಬಟವಾಡೆ ಹೊತ್ತಿಗೆ ಸೈಟಿಗೆ ಬಂದವರು ನೇರವಾಗಿ ಕೇಳಿದರು: "ಇಂಜಿನಿಯರ್ರೇ, ಕಾರ್ಡು ಪ್ರಿಂಟಿಗೆ ಕೊಡ್ಲಾ?"

ಮಿಕ್ಕ ಕೆಲಸದ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಪೇಂಟಿಂಗಿನವರು ಎರಡನೇ ಕೋಟಿನಲ್ಲಿದ್ದರು. ಮೇಲಿನ ಮಹಡಿಯ ಮೂರು ಬಾತ್‌ರೂಮುಗಳದ್ದೇ ಅನುಮಾನ. ಮೇಸ್ತ್ರಿಯನ್ನು ಕೇಳಿದರೆ, "ಎಂಬತ್ತು ಪರ್ಸೆಂಟ್ ಮುಗದೈತ್ರಿ ಸರ್, ಇನ್ನೇನು ಫಿನಿಶಿಂಗು" ಎಂದ. ಹಿಂದಿನ ಶನಿವಾರವೂ ಅವನು ಎಂಬತ್ತು ಅಂತಲೇ ಹೇಳಿದ್ದ.

ಅವನು ಸುಳ್ಳು ಹೇಳುವ ಆಸಾಮಿ ಅಲ್ಲ. ಎರಡು ಬಾತ್‌ರೂಮಿನ ಗೋಡೆಯಲ್ಲಿ ಟೈಲ್ಸ್ ಹೊಳೆಯುತ್ತಿದ್ದವು, ಮೂರರಲ್ಲೂ ಪೈಪ್ ಎಳೆದಾಗಿತ್ತು. ಕಣ್ಣಿಗೆ ಕಾಣುವುದನ್ನು ನೋಡಿದರೆ ಎಂಬತ್ತೇ ಅನ್ನಿಸುತ್ತದೆ. ಆದರೆ ಉಳಿದಿದ್ದು ಕಣ್ಣಿಗೆ ಬೀಳದ ಕೆಲಸ. ಟೆಸ್ಟ್ ಮಾಡಬೇಕು, ಸಂದು ತುಂಬಬೇಕು, ನೀರು ಹರಿಯುವ ಇಳಿಜಾರು ಸರಿಯಿದೆಯಾ ನೋಡಬೇಕು, ಬಾಗಿಲು ಕೂರಿಸಬೇಕು. ಇದಕ್ಕೆ ಪ್ಲಂಬರ್, ಟೈಲ್ಸಿನವನು, ಬಾಗಿಲಿನವನು ಒಬ್ಬರಾದ ಮೇಲೆ ಒಬ್ಬರು ಬರಬೇಕು. ಒಬ್ಬ ತಪ್ಪಿಸಿಕೊಂಡರೆ ಮುಂದಿನವನಿಗೆ ಕೆಲಸವಿಲ್ಲ. ಮೇಸ್ತ್ರಿ ಹೇಳಿದ ಎಂಬತ್ತರಲ್ಲಿ ಅವನ ಬೆವರಿನ ಲೆಕ್ಕ ಇತ್ತು, ಈ ಕಾಯುವಿಕೆಯ ಲೆಕ್ಕ ಇರಲಿಲ್ಲ.

ಅದಕ್ಕೇ ಒಂದು ಸಿಮೆಂಟ್ ಚೀಲದ ಹಾಳೆ ಹರಿದು, ಮೂರು ಬಾತ್‌ರೂಮಿಗೆ ಮೂರು ಕಂಬ, ಕೆಲಸಕ್ಕೆ ಆರು ಸಾಲು ಗೀಚಿದೆ. ಒಟ್ಟು 18 ಚೌಕ. ಪ್ರತಿ ಸಾಲಿಗೂ "ಆಗಿದೆ" ಅನ್ನಬೇಕಾದರೆ ಏನು ಕಾಣಬೇಕು ಎಂದು ಮೇಸ್ತ್ರಿಯ ಜೊತೆ ಕೂತು ಮಾತಾಡಿಕೊಂಡೆ. ಟಿಕ್ ಹಾಕುವುದಕ್ಕೆ ಮುಂಚೆಯೇ ಇದು ತೀರ್ಮಾನವಾಗಬೇಕು. ಆಮೇಲೆ ಮಾತಾಡಿದರೆ ಅದು ಚೌಕಾಸಿ ಆಗುತ್ತದೆ.

ಪೈಪ್ ಎಂದರೆ ಬರೀ ಪೈಪ್ ಎಳೆದದ್ದಲ್ಲ. ಕೈ ಪಂಪ್ ಕಟ್ಟಿ, ಒತ್ತಡ ಏರಿಸಿ, ಎರಡು ಗಂಟೆ ಬಿಟ್ಟರೂ ಗೇಜಿನ ಮುಳ್ಳು ಇಳಿಯಬಾರದು. ಆಮೇಲೆ ಗೋಡೆ ಕೊರೆದ ಜಾಗ ಮುಚ್ಚಿರಬೇಕು. ವಾಟರ್‌ಪ್ರೂಫಿಂಗ್ ಎಂದರೆ ಕೋಟಿಂಗ್ ಬಳಿದದ್ದಲ್ಲ. ನೀರು ಹೋಗುವ ತೂತು ಬಿಗಿಯಾಗಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಕಳೆದ ಮೇಲೆ ಕೆಳಗಿನ ರೂಮಿನ ಸೀಲಿಂಗಿನಲ್ಲಿ ತೇವ ಇರಬಾರದು. ಗೋಡೆ ಟೈಲ್ಸ್ ಎಂದರೆ ಸಂದು ತುಂಬಿ ಒರೆಸಿರಬೇಕು. ನೆಲದ ಟೈಲ್ಸಿಗೆ ಪರೀಕ್ಷೆ ಸುಲಭ: ಒಂದು ಬಕೆಟ್ ನೀರು ಸುರಿದರೆ ಮೂಲೆಯಲ್ಲಿ ಎಲ್ಲೂ ನಿಲ್ಲದೆ ಹರಿದು ಹೋಗಬೇಕು. ಉಳಿದ ಎರಡು ಸಾಲು ನಲ್ಲಿ-ಕಮೋಡ್ ಮತ್ತು ಬಾಗಿಲು.

ಈಗ ಎಣಿಸಿದೆವು. ಮೊದಲನೇ ಬಾತ್‌ರೂಮಿನಲ್ಲಿ ಪೈಪ್, ವಾಟರ್‌ಪ್ರೂಫಿಂಗ್, ಗೋಡೆ ಟೈಲ್ಸ್ ಆಗಿತ್ತು: ಮೂರು. ಎರಡನೆಯದರಲ್ಲಿ ಮೊದಲೆರಡು ಆಗಿತ್ತು. ಗೋಡೆಗೆ ಟೈಲ್ಸ್ ಹತ್ತಿತ್ತು, ಆದರೆ ಮೇಲಿನ ಒಂದು ಸಾಲು ಬಾಕಿ, ಸಂದೂ ತುಂಬಿಲ್ಲ. ಅಲ್ಲಿಗೆ ಸೊನ್ನೆ. ಮೂರನೆಯದರಲ್ಲಿ ಪೈಪ್ ಇತ್ತು, ಟೆಸ್ಟ್ ಇಲ್ಲ; ಕೋಟಿಂಗ್ ಇತ್ತು, ನೀರು ನಿಲ್ಲಿಸಿಲ್ಲ. ಪೂರ್ತಿ ಸೊನ್ನೆ. ಒಟ್ಟು 18ಕ್ಕೆ 5.

ಮೇಸ್ತ್ರಿಗೆ ಬೇಜಾರಾಯಿತು. "ಆ ಗೋಡೆಗೆ ಮೂರು ದಿನ ನಿಂತು ಕೆಲ್ಸ ಮಾಡೀವ್ರಿ, ಸೊನ್ನೆ ಅಂದ್ರ ಹೆಂಗ್ರಿ?" ಅವನ ಮಾತಲ್ಲಿ ನ್ಯಾಯ ಇದೆ. ಕೂಲಿಗೂ ಈ ಹಾಳೆಗೂ ಸಂಬಂಧವಿಲ್ಲ, ಬಟವಾಡೆ ಎಂದಿನ ಹಾಗೇ ಆಗುತ್ತದೆ, ಇದು ದಿನಾಂಕ ಹೇಳುವುದಕ್ಕೆ ಮಾತ್ರ ಅಂದೆ. ಈ ಎರಡನ್ನೂ ಕಲಸಿದರೆ ಕೆಲಸಗಾರ ಹಸಿ ಟೈಲ್ಸಿಗೂ ಟಿಕ್ ಕೇಳುತ್ತಾನೆ. ಅದು ತಪ್ಪು ಅಂತಲೂ ಹೇಳಲಾಗುವುದಿಲ್ಲ, ಹೊಟ್ಟೆಪಾಡು.

ಯಜಮಾನರು ವ್ಯಾಪಾರಿ, ಭಾಗಾಕಾರ ಅವರೇ ಮಾಡಿದರು. ಬಾತ್‌ರೂಮ್ ಕೆಲಸ ಶುರುವಾಗಿ ಮೂರು ವಾರ ಆಗಿದೆ, ಆಗಿದ್ದು 5. ಉಳಿದಿದ್ದು 13, ಕೈಯಲ್ಲಿರುವುದು ಇನ್ನೂ ಮೂರೇ ವಾರ. ಅಂದರೆ ವಾರಕ್ಕೆ ನಾಲ್ಕಕ್ಕಿಂತ ಜಾಸ್ತಿ ಆಗಬೇಕು, ಆಗುತ್ತಿರುವುದು ಎರಡೂ ಇಲ್ಲ. ಎಂಬತ್ತು ಪರ್ಸೆಂಟಿನಿಂದ ಈ ಲೆಕ್ಕ ಹುಟ್ಟುತ್ತಲೇ ಇರಲಿಲ್ಲ. ಇನ್ನಿಪ್ಪತ್ತು ಪರ್ಸೆಂಟಿಗೆ ಎಷ್ಟು ದಿನ ಎಂದು ಯಾರು ಹೇಳಬೇಕು? ಕಾರ್ಡು ಪ್ರಿಂಟಿಗೆ ಹೋಗಲಿಲ್ಲ. ಮನೆಯವರಿಗೆ ಫೋನ್ ಮಾಡಿ, "ಶ್ರಾವಣಕ್ಕೆ ನೋಡೋಣ" ಎಂದರು. ಆ ಕಡೆಯಿಂದ ಏನು ಉತ್ತರ ಬಂತೋ, ಸುಮ್ನೆ ಫೋನ್ ಜೇಬಿಗೆ ಹಾಕಿಕೊಂಡರು.

ಇದರಿಂದ ಕೆಲಸ ನಡೆಯುವ ರೀತಿಯೇ ಬದಲಾಯಿತು. ಟೈಲ್ಸಿನವನು ಸೋಮವಾರ ಮೂರನೇ ಬಾತ್‌ರೂಮಿಗೆ ನುಗ್ಗುವವನಿದ್ದ. ಪರ್ಸೆಂಟ್ ಲೆಕ್ಕದಲ್ಲಿ ಹೊಸದು ಶುರು ಮಾಡಿದರೂ ಅಂಕಿ ಏರುತ್ತದೆ, ಅದಕ್ಕೇ ಎಲ್ಲರೂ ಎಲ್ಲವನ್ನೂ ಶುರು ಮಾಡಿ ಬಿಡುತ್ತಾರೆ. ಈ ಹಾಳೆಯಲ್ಲಿ ಮುಗಿಸದೆ ಅಂಕಿ ಏರುವುದಿಲ್ಲ. ಹಾಗಾಗಿ ಅವನು ಎರಡನೆಯದರ ಮೇಲಿನ ಸಾಲು ಹಚ್ಚಿ, ಸಂದು ತುಂಬಿ, ಆಮೇಲೆ ನೆಲಕ್ಕೆ ಇಳಿದ. ಅಷ್ಟರಲ್ಲಿ ಮೂರನೆಯದರಲ್ಲಿ ಪ್ಲಂಬರ್ ಪಂಪ್ ಕಟ್ಟಿದ. ಮುಳ್ಳು ನಿಧಾನವಾಗಿ ಇಳಿಯಿತು. ಹುಡುಕಿದರೆ ಗೀಸರ್ ಲೈನಿನ ಒಂದು ಎಲ್ಬೋ ಜಿನುಗುತ್ತಿತ್ತು. ಸಿಪಿವಿಸಿ ಪೈಪನ್ನು ಸಾಲ್ವೆಂಟ್ ಹಚ್ಚಿ ಕೊನೆ ಮುಟ್ಟುವ ತನಕ ಒತ್ತಿರಲಿಲ್ಲ. ಆ ಭಾಗ ಕತ್ತರಿಸಿ, ಹೊಸ ಎಲ್ಬೋ ಹಾಕಿ, ಒಣಗಲು ಬಿಟ್ಟು ಮತ್ತೆ ಟೆಸ್ಟ್. ಟೈಲ್ಸ್ ಹಚ್ಚಿದ ಮೇಲೆ ಇದು ಗೊತ್ತಾಗಿದ್ದರೆ ಗೋಡೆ ಒಡೆಯಬೇಕಿತ್ತು. ಪೈಪಿನ ಕೆಲಸವನ್ನು ತೊಂಬತ್ತು ಪರ್ಸೆಂಟ್ ಎಂದು ಬರೆದಿದ್ದರೆ ಜಿನುಗುವ ಎಲ್ಬೋ ಆ ಹತ್ತರೊಳಗೇ ಅಡಗಿ ಕೂರುತ್ತಿತ್ತು.

ಮುಂದಿನ ಶನಿವಾರಗಳಲ್ಲಿ ಹಾಳೆ 8, 11, 15 ಎಂದು ಏರಿತು. ಗೃಹಪ್ರವೇಶಕ್ಕೆ ನೋಡಿಸಿದ್ದ ದಿನಕ್ಕೆ ಹಾಳೆಯಲ್ಲಿ ಇನ್ನೂ ಮೂರು ಚೌಕ ಖಾಲಿ ಇದ್ದವು. ವಾರಕ್ಕೆ ಮೂರು ಆಗುತ್ತಿದ್ದುದರಿಂದ ಇನ್ನೊಂದು ವಾರ ಅಂದೆ, ಹಾಗೇ ಆಯಿತು.

ಯಜಮಾನರ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಊರಿಗೆ ಬಂದವನು ಹಾಳೆ ನೋಡಿ ನಕ್ಕ. ಅವರಲ್ಲೂ ಪ್ರೋಗ್ರಾಮ್ ಬರೆಯುವವರು ತೊಂಬತ್ತು ಪರ್ಸೆಂಟ್ ಅಂತ ವಾರಗಟ್ಟಲೆ ಹೇಳುತ್ತಾರಂತೆ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಟಾಮ್ ಕಾರ್ಗಿಲ್ ಹೆಸರಲ್ಲಿ ಇದರ ಬಗ್ಗೆ ಒಂದು ತಮಾಷೆಯ ನಿಯಮವೇ ಇದೆ: ಮೊದಲ ತೊಂಬತ್ತು ಭಾಗ ಕೆಲಸಕ್ಕೆ ತೊಂಬತ್ತು ಭಾಗ ಸಮಯ, ಉಳಿದ ಹತ್ತಕ್ಕೆ ಇನ್ನೊಂದು ತೊಂಬತ್ತು.

ಹಾಳೆ ಎಲ್ಲ ಕಡೆ ನಡೆಯುವುದಿಲ್ಲ. "ಬಾತ್‌ರೂಮ್" ಎಂದು ಒಂದೇ ಸಾಲು ಬರೆದಿದ್ದರೆ ತಿಂಗಳುಗಟ್ಟಲೆ ಸೊನ್ನೆಯೇ ಇರುತ್ತಿತ್ತು, ಯಾರಿಗೂ ಉಪಯೋಗವಿಲ್ಲ. ಒಂದು ಸಾಲು ಹೆಚ್ಚೆಂದರೆ ವಾರದೊಳಗೆ ಮುಗಿಯುವಂತಿರಬೇಕು. ಮುಗಿಯುವ ತನಕ ಸೊನ್ನೆ, ಮುಗಿದರೆ ಪೂರ್ತಿ ಅನ್ನುವ ಈ ಲೆಕ್ಕಕ್ಕೆ ದೊಡ್ಡ ಕಾಂಟ್ರಾಕ್ಟುಗಳಲ್ಲಿ 0/100 ನಿಯಮ ಅನ್ನುತ್ತಾರೆ. ಸ್ವಲ್ಪ ಉದ್ದದ ಕೆಲಸಕ್ಕೆ 50/50 ಅಂತ ಇನ್ನೊಂದಿದೆ: ಶುರುವಾದಾಗ ಅರ್ಧ, ಮುಗಿದಾಗ ಇನ್ನರ್ಧ. ನನಗೆ ಅದು ಅಷ್ಟು ಇಷ್ಟವಿಲ್ಲ, ಶುರು ಮಾಡಿ ಬಿಡುವ ಚಾಳಿಗೆ ಅದು ಬಹುಮಾನ ಕೊಟ್ಟ ಹಾಗೆ. ಹೊರಗಿನ ಪ್ಲಾಸ್ಟರ್ ಥರದ್ದಕ್ಕೆ ಟಿಕ್ ಬೇಕೇ ಇಲ್ಲ. ಸಾವಿರ ಚದರಡಿಯಲ್ಲಿ ಆರುನೂರು ಆಗಿದೆ ಎಂದು ಟೇಪ್ ಹಿಡಿದು ಅಳೆದರೆ ಅರವತ್ತು ಪರ್ಸೆಂಟ್ ಅನ್ನಬಹುದು, ಅದು ಅಳತೆ. ಅಂದಾಜಿನ ಅರವತ್ತನ್ನು ಮಾತ್ರ ನಾನು ಈಗ ಹಾಳೆಯಲ್ಲಿ ಬರೆಯಲು ಬಿಡುವುದಿಲ್ಲ.