ನಾಲೆ ಬಯಲಿನ ಚೌಳು ಮಣ್ಣು: ಹೆಸರು ಹಿಂತೆಗೆದುಕೊಂಡ ಪತ್ರ

ಮಂಡ್ಯ, ಮಾರ್ಚ್

ನಮ್ಮ ಸಂಶೋಧನಾ ಲೇಖನ ಪತ್ರಿಕೆಯಿಂದ ಪರಿಷ್ಕರಣೆಗೆ ವಾಪಸ್ ಬಂದಿದೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಕಬ್ಬು, ಭತ್ತದ ಗದ್ದೆಗಳಲ್ಲಿ ಚೌಳು ಎಷ್ಟಿದೆ ಅನ್ನೋದು ವಿಷಯ. ಮಾದರಿ ತೆಗೆದದ್ದು, ಲ್ಯಾಬ್ ಕೆಲಸ ನಮ್ಮದು. ಲೆಕ್ಕಾಚಾರ, ನಕ್ಷೆ, ಬರವಣಿಗೆ ಬೇರೆ ಸಂಸ್ಥೆಯ ಮುಖ್ಯ ಸಂಶೋಧಕರದು.

ಹೊಸ ಕರಡಿನ ಎರಡನೇ ಕೋಷ್ಟಕದಲ್ಲಿ ತಕರಾರು ಕಂಡಿತು. ನಾವು ವಿದ್ಯುತ್ ವಾಹಕತೆ ಅಳೆದದ್ದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ. ಚೌಳು ಎನ್ನಲು ಎಲ್ಲರೂ ಬಳಸುವ ಮೀಟರಿಗೆ 4 ಡೆಸಿಸೀಮನ್ಸ್ ಗಡಿ ಇರೋದು ಸಂತೃಪ್ತ ಮಣ್ಣಿನ ಪೇಸ್ಟಿನಿಂದ ಹಿಂಡಿದ ನೀರಿಗೆ. ನೀರು ಹೆಚ್ಚು ಬೆರೆಸಿದಾಗ ಲವಣ ತೆಳುವಾಗುವುದರಿಂದ ನಮ್ಮ ಅಳತೆಯನ್ನು ಒಂದು ಗುಣಕದಿಂದ ಹೆಚ್ಚಿಸಿಕೊಳ್ಳಬೇಕು. ಆ ಗುಣಕ ಮಣ್ಣಿನ ಜಾತಿಗೆ ತಕ್ಕಂತೆ ಬದಲಾಗುತ್ತದೆ: ಮರಳು ಮಣ್ಣಿಗೆ ಹೆಚ್ಚು, ಜಿಗುಟು ಮಣ್ಣಿಗೆ ಕಡಿಮೆ. ಅವರು ದಿಣ್ಣೆಯ ಕೆಂಪು ಮಣ್ಣಿನಿಂದ ಪಡೆದ 5ನ್ನೇ ತಗ್ಗಿನ ಜಿಗುಟು ಕಪ್ಪು ಮಣ್ಣಿಗೂ ಹಾಕಿದ್ದಾರೆ. ಕಪ್ಪು ಮಣ್ಣಿನ ಒಂದು ಮಾದರಿ ನಮ್ಮಲ್ಲಿ 0.9 ತೋರಿಸಿತ್ತು. ಅವರ ಲೆಕ್ಕದಲ್ಲಿ ಅದು 4.5, ಅಂದರೆ ಚೌಳು. ಅದೇ ಮಣ್ಣನ್ನು ಪೇಸ್ಟ್ ಮಾಡಿ ಹಿಂಡಿ ನೋಡಿದರೆ ಬಂದದ್ದು 2.8. ಚೌಳಲ್ಲದ ಗದ್ದೆಗೆ ಚೌಳಿನ ಪಟ್ಟ ಕಟ್ಟಿದರೆ ಆ ರೈತನ ಪಾಲಿಗೆ ಅದು ಸಣ್ಣ ಮಾತಲ್ಲ.

ಮಂಡ್ಯ, ಏಪ್ರಿಲ್

ಮುಖ್ಯ ಸಂಶೋಧಕರೊಡನೆ ಫೋನಿನಲ್ಲೂ ಇ-ಮೇಲಿನಲ್ಲೂ ಮಾತಾಡಿದ್ದಾಯಿತು. "ಒಟ್ಟು ಚಿತ್ರಣ ಬದಲಾಗಲ್ಲ ಮೇಡಂ, ಗಡುವು ಹತ್ತಿರ ಇದೆ" ಎಂದರು. ಚಿತ್ರಣ ಬದಲಾಗುತ್ತದೆ, ನಕ್ಷೆಯಲ್ಲಿ ತಗ್ಗಿನ ಹಳ್ಳಿಗಳೆಲ್ಲ ಚೌಳಿನ ಕೆಂಪು ಬಣ್ಣಕ್ಕೆ ತಿರುಗಿರುವುದೇ ಆ ಗುಣಕದಿಂದ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಿಗೆ ನಾಲ್ಕು ಷರತ್ತು ಹಾಕಿದೆ: ಗಣನೀಯ ಕೆಲಸ, ಬರವಣಿಗೆ ಅಥವಾ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಲೇಖನದ ಹೊಣೆ. ಬೇರೆ ಶಾಸ್ತ್ರಗಳ ಹಲವು ಪತ್ರಿಕೆಗಳೂ ಇದನ್ನೇ ಅನುಸರಿಸುತ್ತವೆ. ಮೊದಲಿನದು ನನ್ನಲ್ಲಿದೆ, ಕೊನೆಯ ಎರಡು ಕೊಡಲಾರೆ. ಆಗ ಹೆಸರು ಉಳಿಯಬಾರದು.

ಆದರೆ ಹೆಸರು ಹೋದರೆ ಕೆಲಸವೂ ಅಳಿಸಿಹೋಗಬೇಕೆಂದಿಲ್ಲ. ಅದಕ್ಕೇ ಪತ್ರ ಬರೆಯಲು ಇಷ್ಟು ಹೊತ್ತು ಹಿಡಿಯಿತು. ಮುಖ್ಯ ಸಂಶೋಧಕರಿಗೆ, ಪ್ರತಿಗಳು ಎಲ್ಲ ಸಹಲೇಖಕರಿಗೆ. ತಿರುಳು ಇಷ್ಟು:

"ಮಾನ್ಯರೇ, ಪರಿಷ್ಕೃತ ಕರಡಿನ ಎರಡನೇ ಕೋಷ್ಟಕ ಮತ್ತು ನಕ್ಷೆಯ ಹೊಣೆ ಹೊರಲು ನನ್ನಿಂದಾಗದು, ಕಾರಣವನ್ನು ಲಗತ್ತಿಸಿದ ಟಿಪ್ಪಣಿಯಲ್ಲಿ ವಿವರಿಸಿದ್ದೇನೆ. ಆದ್ದರಿಂದ ಈ ಲೇಖನದಿಂದಲೂ ಯೋಜನೆಯ ಮುಂದಿನ ಹಂತದಿಂದಲೂ ಹಿಂದೆ ಸರಿಯುತ್ತಿದ್ದೇನೆ. ಈವರೆಗೆ ನಾನು ಮಾಡಿರುವುದು: ಮಾದರಿ ತೆಗೆಯುವ ಯೋಜನೆ, ರಸಸಾರ ಮತ್ತು ವಾಹಕತೆಯ ಅಳತೆಯ ಮೇಲ್ವಿಚಾರಣೆ, ದತ್ತಾಂಶದ ಪರಿಶೀಲನೆ. ಗುಣಕದ ಆಯ್ಕೆ, ನಕ್ಷೆ, ನಿರ್ಣಯಗಳಲ್ಲಿ ನನ್ನ ಪಾಲಿಲ್ಲ. ದತ್ತಾಂಶವನ್ನು ಬಳಸಲು ನನ್ನ ಅಡ್ಡಿಯಿಲ್ಲ. ಡಿಒಐ ಪಡೆಯಲಿರುವ ಮೂಲ ದತ್ತಾಂಶವನ್ನು ಉಲ್ಲೇಖಿಸಿ. ಕೃತಜ್ಞತೆಯಲ್ಲಿ ಹೆಸರಿಸುವುದಾದರೆ 'ಮಾದರಿ ಮತ್ತು ಅಳತೆಗೆ' ಎಂದಷ್ಟೇ ಇರಲಿ, ಆ ಸಾಲನ್ನು ಮೊದಲು ನನಗೆ ತೋರಿಸಿ."

ಕೊನೆಯ ವಾಕ್ಯಕ್ಕೆ ಕಾರಣವಿದೆ. "ಅಮೂಲ್ಯ ಮಾರ್ಗದರ್ಶನಕ್ಕೆ ಧನ್ಯವಾದ" ಎಂದು ಹಾಕಿಬಿಟ್ಟರೆ ಓದುವವರು ನಾನು ನಿರ್ಣಯಗಳನ್ನೂ ಒಪ್ಪಿದ್ದೇನೆ ಅಂದುಕೊಳ್ಳುತ್ತಾರೆ. ಕೆಲಸಗಳನ್ನು ಬಿಡಿಸಿ ಬರೆದದ್ದು ಕ್ರೆಡಿಟ್ ಎಂಬ ಪಟ್ಟಿಯ ಮಾದರಿಯಲ್ಲಿ. ಅದರಲ್ಲಿ 14 ಬಗೆಯ ಪಾತ್ರಗಳಿವೆ. ದತ್ತಾಂಶ ನಿರ್ವಹಣೆ, ವಿಶ್ಲೇಷಣೆ, ಬರವಣಿಗೆ ಎಲ್ಲ ಬೇರೆ ಬೇರೆ.

ಒಂದು ವಿಷಯದಲ್ಲಿ ಮಾತ್ರ ಮನಸ್ಸು ತುಂಬಾ ತೊಳಲಾಡಿತು. ಲ್ಯಾಬಿನಲ್ಲಿ ಕೂತು ಒಂದೊಂದು ಬಾಟಲಿ ಅಲುಗಾಡಿಸಿ ಅಳೆದವನು ನನ್ನ ಪಿಎಚ್‌ಡಿ ವಿದ್ಯಾರ್ಥಿ, ಅವನೂ ಸಹಲೇಖಕ. ಅವನ ಪರವಾಗಿ ನಾನು ಹಿಂದೆ ಸರಿಯುವ ಹಾಗಿಲ್ಲ. ಟಿಪ್ಪಣಿ ಓದಲು ಕೊಟ್ಟು, "ನೀನು ಉಳಿದರೂ ನಮ್ಮಿಬ್ಬರ ನಡುವೆ ಏನೂ ಬದಲಾಗಲ್ಲಪ್ಪ" ಎಂದೆ. ಎರಡು ದಿನ ಬಿಟ್ಟು ಬಂದ. "ಪೇಸ್ಟಿನ ಅಳತೆ ಸೇರಿಸಿದರೆ ಇರ್ತೀನಿ ಅಂತ ನಾನೇ ಅವರಿಗೆ ಬರೀತೀನಿ ಮೇಡಂ" ಎಂದ. ಬರೆದಿದ್ದಾನೆ.

ಮಂಡ್ಯ, ಮೇ

ಮುಖ್ಯ ಸಂಶೋಧಕರು ಒಪ್ಪಿದರು, ಖಾರವಾಗಿಯೇ. ಲೇಖನ ಪತ್ರಿಕೆಯ ಕೈಯಲ್ಲಿರುವುದರಿಂದ ಅವರೊಬ್ಬರು ಹೆಸರು ಹೊಡೆದುಹಾಕಿದರೆ ಸಾಲದು. ಎಲ್ಲ ಲೇಖಕರ ಲಿಖಿತ ಒಪ್ಪಿಗೆಯನ್ನು ಸಂಪಾದಕರು ಕೇಳುತ್ತಾರೆ. ಪ್ರಕಟವಾದ ಮೇಲಾಗಿದ್ದರೆ ತಿದ್ದುಪಡಿ ಪ್ರಕಟಣೆಯೇ ಬೇಕಾಗುತ್ತಿತ್ತು. ನಮೂನೆಗೆ ಎಲ್ಲರ ಸಹಿ ಬಿತ್ತು. ಕೃತಜ್ಞತೆಯ ಸಾಲು ನಾನು ಕೇಳಿದಂತೆಯೇ ಬಂದಿದೆ. ವಿದ್ಯಾರ್ಥಿಗೆ ಉತ್ತರ ಇನ್ನೂ ಬಂದಿಲ್ಲ.

ದತ್ತಾಂಶವನ್ನು ಝೆನೊಡೊ ಎಂಬ ಆನ್‌ಲೈನ್ ದತ್ತಾಂಶ ಭಂಡಾರದಲ್ಲಿ ಇಟ್ಟಾಯಿತು. ಅಲ್ಲಿ ಮೊದಲ ಹೆಸರು ಅವನದು, ಆಮೇಲೆ ನನ್ನದು, ಮುಖ್ಯ ಸಂಶೋಧಕರದೂ ಇದೆ, ಯೋಜನೆಯ ಹಣದಲ್ಲೇ ಮಾದರಿ ತೆಗೆದದ್ದಲ್ಲವೇ. ವಿವರಣೆಯ ಮೊದಲ ಸಾಲಿನಲ್ಲೇ 1:2.5 ಎಂದು ಬರೆದಿದ್ದೇವೆ. ಕಪ್ಪು ಮಣ್ಣಿನ ಉಳಿದ ಮಾದರಿಗಳನ್ನು ಸೋಮವಾರದಿಂದ ಪೇಸ್ಟ್ ಮಾಡಲು ಶುರು ಮಾಡುತ್ತೇವೆ.