ಎಮಿಟರ್ ರೆಸಿಸ್ಟರನ್ನು ಪೂರ್ತಿ ಬೈಪಾಸ್ ಮಾಡಿದಾಗ

ಆಡಿಯೋ ಬೋರ್ಡುಗಳ ಪರೀಕ್ಷಾ ವಿಭಾಗದಲ್ಲಿ ನನ್ನ ಮುಂದೆ ಬಂದಿದ್ದ ಒಂದು ತೊಡಕು ಹೀಗಿತ್ತು: ಒಂದೇ ವಿನ್ಯಾಸದ ಪ್ರೀಆಂಪ್ ಬೋರ್ಡುಗಳಲ್ಲಿ ಡಿಸಿ ವೋಲ್ಟೇಜುಗಳೆಲ್ಲ ಸರಿಯಾಗಿದ್ದರೂ ಗೇನ್ ಮಾತ್ರ ಒಂದರಲ್ಲಿ 37ರ ಹತ್ತಿರವಿದ್ದರೆ ಮತ್ತೊಂದರಲ್ಲಿ 54ರ ಹತ್ತಿರವಿರುತ್ತಿತ್ತು.

ಸರ್ಕ್ಯೂಟು ಸರಳವಾದದ್ದು. ಸಪ್ಲೈ 12 ವೋಲ್ಟ್; ಬೇಸ್‌ಗೆ 47 ಮತ್ತು 10 ಕಿಲೋಓಮ್‌ಗಳ ಡಿವೈಡರ್; ಕಲೆಕ್ಟರಿನಲ್ಲಿ 3.3 ಕಿಲೋಓಮ್, ಎಮಿಟರಿನಲ್ಲಿ 1 ಕಿಲೋಓಮ್, ಅದಕ್ಕೆ ಸಮಾಂತರವಾಗಿ 100 ಮೈಕ್ರೋಫ್ಯಾರಡ್‌ನ ಬೈಪಾಸ್ ಕೆಪಾಸಿಟರ್. ಬೇಸ್‌ನಲ್ಲಿ ಸುಮಾರು 2.1 ವೋಲ್ಟ್ ನಿಲ್ಲುವುದರಿಂದ ಎಮಿಟರಿನಲ್ಲಿ 1.4 ವೋಲ್ಟ್ ಕಾಣಿಸುತ್ತದೆ, ಅಂದರೆ ಕರೆಂಟು 1.4 ಮಿಲಿಆಂಪಿಯರ್. ಕರೆಂಟು ಹೆಚ್ಚಲು ಹೊರಟರೆ ಎಮಿಟರ್ ವೋಲ್ಟೇಜೂ ಏರಿ ಬೇಸ್-ಎಮಿಟರ್ ನಡುವಿನ ವೋಲ್ಟೇಜನ್ನು ತಗ್ಗಿಸುತ್ತದೆ. ಹೀಗಾಗಿ ಟ್ರಾನ್ಸಿಸ್ಟರಿನ ಬೀಟಾ 200 ಇರಲಿ, 450 ಇರಲಿ, ಕರೆಂಟು ಶೇಕಡಾ 3ರಷ್ಟು ಮಾತ್ರ ಬದಲಾಗುತ್ತದೆ. ಕೆಪಾಸಿಟರ್ ಡಿಸಿಯನ್ನು ಬಿಡದ ಕಾರಣ ಅದಿದ್ದರೂ ಇಲ್ಲದಿದ್ದರೂ ಈ ಸ್ಥಿರತೆ ಹಾಗೆಯೇ ಉಳಿಯುತ್ತದೆ.

ಸಿಗ್ನಲ್ಲಿನ ವಿಷಯ ಬೇರೆ. ಕೆಪಾಸಿಟರ್ ಇಲ್ಲದಿದ್ದರೆ ಬೇಸ್‌ನಿಂದ ಕಲೆಕ್ಟರಿಗೆ ಗೇನ್ ಸುಮಾರು 3.2. ಕೆಪಾಸಿಟರ್ ಇದ್ದರೆ ಎಮಿಟರಿನಲ್ಲಿ ಉಳಿಯುವುದು ಟ್ರಾನ್ಸಿಸ್ಟರಿನ ಒಳಗಿನ 18 ಓಮ್ ಮಾತ್ರ, ಆದ್ದರಿಂದ ಗೇನ್ 180ರವರೆಗೆ ಏರುತ್ತದೆ. ಆದರೆ ಆಗ ಬೇಸ್‌ನ ಇನ್‌ಪುಟ್ ರೆಸಿಸ್ಟೆನ್ಸ್ ಬೀಟಾ ಮತ್ತು 18 ಓಮ್‌ಗಳ ಗುಣಲಬ್ಧಕ್ಕೆ ಇಳಿಯುತ್ತದೆ. ಮುಂಚಿನ ಹಂತದ ಔಟ್‌ಪುಟ್ ರೆಸಿಸ್ಟೆನ್ಸ್ ನಮ್ಮಲ್ಲಿ 10 ಕಿಲೋಓಮ್ ಇದ್ದುದರಿಂದ, ಸಿಗ್ನಲ್ಲಿನ ಹೆಚ್ಚಿನ ಪಾಲು ಬೇಸ್ ತಲುಪುವ ಮೊದಲೇ ಅಲ್ಲಿ ಕಳೆದುಹೋಗುತ್ತಿತ್ತು. ಎಷ್ಟು ಕಳೆಯುತ್ತದೆ ಎಂಬುದನ್ನು ಬೀಟಾ ನಿರ್ಧರಿಸುತ್ತಿತ್ತು. 37 ಮತ್ತು 54ರ ಅಂತರ ಬಂದದ್ದು ಇಲ್ಲಿಂದ. ಇದರ ಜೊತೆಗೆ, ಆ 18 ಓಮ್ ಕರೆಂಟಿನೊಂದಿಗೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಬೇಸ್‌ನಲ್ಲಿ 10 ಮಿಲಿವೋಲ್ಟ್ ಪೀಕ್ ಸಿಗ್ನಲ್ ಇದ್ದರೇ ಎರಡನೆಯ ಹಾರ್ಮಾನಿಕ್ ಶೇಕಡಾ 10ರ ಸುಮಾರಿಗೆ ಬರುತ್ತದೆ.

ನಾವು ಎಮಿಟರ್ ರೆಸಿಸ್ಟರನ್ನು 100 ಮತ್ತು 910 ಓಮ್‌ಗಳಾಗಿ ಒಡೆದು, ಕೆಪಾಸಿಟರನ್ನು 910ಕ್ಕೆ ಮಾತ್ರ ಕೊಟ್ಟೆವು. ಡಿಸಿ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಗೇನ್ ಎರಡೂ ಬಗೆಯ ಟ್ರಾನ್ಸಿಸ್ಟರುಗಳಲ್ಲಿ 10.5ರಿಂದ 12ರೊಳಗೆ ಬಂದಿತು. ಕಳೆದುಕೊಂಡ ಗೇನನ್ನು ಮುಂದಿನ ಹಂತದಲ್ಲಿ ತುಂಬಿಸಿಕೊಳ್ಳುವುದು, ನನ್ನ ಮಟ್ಟಿಗೆ, ಬೀಟಾ ನೋಡಿ ಟ್ರಾನ್ಸಿಸ್ಟರ್ ಆರಿಸುತ್ತ ಕೂರುವುದಕ್ಕಿಂತ ಎಷ್ಟೋ ಅಗ್ಗ.

ಪೂರ್ತಿ ಬೈಪಾಸ್ ಮಾಡಿದ ಹಳೆಯ ಬೋರ್ಡುಗಳು ದುರಸ್ತಿಗೆ ಬಂದಾಗ ಡಿಸಿ ಅಳತೆಯೊಂದನ್ನೇ ನಂಬುವಂತಿಲ್ಲ. ಕೆಪಾಸಿಟರ್ ಒಣಗಿ ಓಪನ್ ಆಗಿದ್ದರೆ ವೋಲ್ಟೇಜುಗಳು ಸರಿಯಾಗಿಯೇ ಇರುತ್ತವೆ, ಶಬ್ದ ಮಾತ್ರ ಕುಗ್ಗಿರುತ್ತದೆ. ಆಸಿಲೋಸ್ಕೋಪಿನ ಪ್ರೋಬನ್ನು ಎಮಿಟರಿಗೆ ಇಟ್ಟು ನೋಡಬೇಕು: ಕೆಪಾಸಿಟರ್ ಚೆನ್ನಾಗಿದ್ದರೆ ಗೆರೆ ಬಹುತೇಕ ನೇರವಾಗಿರುತ್ತದೆ, ಕೆಟ್ಟಿದ್ದರೆ ಬೇಸ್‌ನಲ್ಲಿರುವ ಸಿಗ್ನಲ್ಲೇ ಅಲ್ಲೂ ಕಾಣುತ್ತದೆ. ಅದೇ ಕೆಪಾಸಿಟರ್ ಶಾರ್ಟ್ ಆಗಿದ್ದರೆ ಎಮಿಟರಿನಲ್ಲಿ ಸೊನ್ನೆ ವೋಲ್ಟ್ ಬಂದು, ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗಿ, ಕಲೆಕ್ಟರ್ 7.4 ವೋಲ್ಟಿನಿಂದ ಸೊನ್ನೆಯ ಹತ್ತಿರಕ್ಕೆ ಬಿದ್ದಿರುತ್ತದೆ. ಅದನ್ನು ಹಿಡಿಯಲು ಮಲ್ಟಿಮೀಟರೇ ಸಾಕು.