ಫೋಟೊ ಲೆಕ್ಕದ ನೋಟ್‌ಬುಕ್: ತೋಟ, ದಾರಿ ಮತ್ತು ಎರಡು ಉತ್ತರ

ಮಕ್ಕಳು ವಾಟ್ಸಾಪಿನಲ್ಲಿ ಕಳಿಸುವ ಲೆಕ್ಕದ ಫೋಟೊಗಳನ್ನು ಬಿಡಿಸಿ, ಒಂದು ಹಂತವನ್ನೂ ಬಿಡದೆ ನೋಟ್‌ಬುಕ್ಕಿಗೆ ಏರಿಸುವ ಕೆಲಸ ಹಾಸನದ ನಮ್ಮ ಮನೆಯಲ್ಲಿ ನಿಧಾನಕ್ಕೆ ಸಾಗುತ್ತಿದೆ. ಈಗ ಹತ್ತನೇ ತರಗತಿಯ ವರ್ಗ ಸಮೀಕರಣಗಳಿಗೆ ಬಂದಿದ್ದೇನೆ. ಈ ಸಲದ ಫೋಟೊ ಸಕಲೇಶಪುರದಲ್ಲಿರುವ ಅಕ್ಕನ ಮಗಳದ್ದು. ಹಾಳೆ ಮಡಚಿದೆ, ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿದೆ. ಓದಲು ಸಿಕ್ಕಿದ್ದು ಇಷ್ಟು:

"16 ಮೀ ಉದ್ದ, 10 ಮೀ ಅಗಲದ ಆಯತಾಕಾರದ ತೋಟವಿದೆ. ಅದರ ಅಂಚಿನ ...ಭಾಗದಲ್ಲಿ ಸುತ್ತಲೂ ಒಂದೇ ಅಗಲದ ದಾರಿ ಮಾಡಿದೆ. ದಾರಿಯ ವಿಸ್ತೀರ್ಣ 120 ಚ.ಮೀ. ದಾರಿಯ ಅಗಲವನ್ನೂ, ಉಳಿದ ಹುಲ್ಲುಹಾಸಿನ ಉದ್ದ, ಅಗಲವನ್ನೂ ಕಂಡುಹಿಡಿಯಿರಿ."

ಒಳಭಾಗವೋ, ಹೊರಭಾಗವೋ? ಲೆಕ್ಕವೆಲ್ಲ ನಿಂತಿರುವುದು ಆ ಅಳಿಸಿಹೋದ ಅಕ್ಷರಗಳ ಮೇಲೆ. ಫೋಟೊ ಲೆಕ್ಕದಲ್ಲಿ ನಾನು ಅಂಕಿಗಳಿಗಿಂತ ಇಂಥ ಸಣ್ಣ ಪದಗಳನ್ನೇ ಮೊದಲು ನೋಡುತ್ತೇನೆ. ಇಲ್ಲಿ ದಾರಿ ತೋರಿಸಿದ್ದು ಕೊನೆಯ ವಾಕ್ಯದ "ಉಳಿದ". ದಾರಿ ಹೊರಗಿದ್ದರೆ ತೋಟದಲ್ಲಿ ಏನೂ ಕಡಿಮೆಯಾಗುವುದಿಲ್ಲ, ಹುಲ್ಲುಹಾಸಿನ ಅಳತೆ ಕೇಳುವ ಅಗತ್ಯವೇ ಇಲ್ಲ. ಹಾಗಾಗಿ ಒಳಭಾಗ ಅಂತ ಇಟ್ಟುಕೊಂಡೆ. ಆಮೇಲೆ ಅವಳು ಪುಟವನ್ನು ಒತ್ತಿ ಹಿಡಿದು ಇನ್ನೊಂದು ಫೋಟೊ ಕಳಿಸಿದಳು, ಅದರಲ್ಲೂ ಒಳಭಾಗ ಅಂತಲೇ ಇತ್ತು.

ದಾರಿಯ ಅಗಲ x ಮೀ ಆಗಿರಲಿ. ದಾರಿ ಎರಡೂ ಬದಿಯಲ್ಲಿ ಜಾಗ ತಿನ್ನುತ್ತದೆ. ಅದಕ್ಕೇ ಉದ್ದದಲ್ಲೂ ಅಗಲದಲ್ಲೂ x ಅಲ್ಲ, 2x ಕಳೆಯಬೇಕು. ಹುಲ್ಲುಹಾಸಿನ ಉದ್ದ 16 − 2x, ಅಗಲ 10 − 2x.

ಸಮೀಕರಣ ಬರೆಯುವ ಮೊದಲೇ ಹಾಳೆಯ ಮೇಲ್ಗಡೆ ಒಂದು ಸಾಲು ಬರೆದಿಟ್ಟೆ: x ಸೊನ್ನೆಗಿಂತ ಜಾಸ್ತಿ, 5ಕ್ಕಿಂತ ಕಡಿಮೆ ಇರಬೇಕು. ತೋಟದ ಅಗಲವೇ 10 ಮೀ. ಎರಡು ಬದಿಯಿಂದ ಐದೈದು ಮೀಟರ್ ತೆಗೆದರೆ ನಡುವೆ ಹುಲ್ಲಿಗೆ ಜಾಗವೇ ಇಲ್ಲ. ಈ ಸಾಲು ಮುಂದೆ ಕೆಲಸಕ್ಕೆ ಬರುತ್ತದೆ.

ಇಡೀ ತೋಟದಿಂದ ಹುಲ್ಲುಹಾಸನ್ನು ಕಳೆದರೆ ಉಳಿಯುವುದು ದಾರಿ. ತೋಟ 16 × 10 = 160 ಚ.ಮೀ.

```
160 − (16 − 2x)(10 − 2x) = 120
160 − (160 − 32x − 20x + 4x²) = 120
160 − 160 + 52x − 4x² = 120
52x − 4x² = 120
```

ಮೂರನೇ ಸಾಲಿನಲ್ಲಿ ಸ್ವಲ್ಪ ನಿಲ್ಲಬೇಕು. ಆವರಣದ ಹಿಂದೆ ಮೈನಸ್ ಇದೆ, ಅದನ್ನು ಬಿಡಿಸುವಾಗ ಒಳಗಿನ ಪ್ರತಿ ಪದದ ಚಿಹ್ನೆಯೂ ತಿರುಗಬೇಕು. ಹೆಚ್ಚಿನವರು ಮೊದಲನೇ ಪದದ ಚಿಹ್ನೆ ತಿರುಗಿಸಿ ಅಲ್ಲಿಗೇ ಬಿಡುತ್ತಾರೆ. 52x ಬಂದಿರುವುದು ಸರಿಯೋ ಅಂತ ಚಿತ್ರದಿಂದಲೂ ನೋಡಬಹುದು. ಉದ್ದದ ಪಟ್ಟಿ ಎರಡು, ಒಂದೊಂದೂ 16x. ಅಗಲದ ಪಟ್ಟಿ ಎರಡು, ಒಂದೊಂದೂ 10x. ಕೂಡಿದರೆ 52x. ಆದರೆ ನಾಲ್ಕು ಮೂಲೆಗಳು ಎರಡೆರಡು ಸಲ ಎಣಿಕೆಯಾದವು, ಅಲ್ವಾ? ಒಂದು ಮೂಲೆ x². ಹೆಚ್ಚಾಗಿ ಎಣಿಸಿದ 4x² ಕಳೆದರೆ ಅದೇ 52x − 4x². ಮೂಲೆಗಳನ್ನು ಮರೆತರೆ ವರ್ಗ ಸಮೀಕರಣವೇ ಹುಟ್ಟುವುದಿಲ್ಲ, 52x = 120 ಅಂತ ಬಂದು ಸುಮ್ನೆ ಒಂದು ಉದ್ದನೆಯ ದಶಮಾಂಶ ಸಿಗುತ್ತದೆ.

ಎಲ್ಲವನ್ನೂ ಒಂದೇ ಕಡೆಗೆ ತಂದು, 4ರಿಂದ ಭಾಗಿಸಿದರೆ:

```
4x² − 52x + 120 = 0
x² − 13x + 30 = 0
x² − 3x − 10x + 30 = 0
x(x − 3) − 10(x − 3) = 0
(x − 3)(x − 10) = 0
x = 3 ಅಥವಾ x = 10
```

ನಡುವಿನ ಪದ ಒಡೆಯಲು ಗುಣಲಬ್ಧ 30, ಮೊತ್ತ −13 ಆಗುವ ಜೋಡಿ ಬೇಕು: −3 ಮತ್ತು −10. ಸೂತ್ರ ಹಾಕಿದರೂ ಶೋಧಕ 169 − 120 = 49, ಅದರ ವರ್ಗಮೂಲ 7. (13 ± 7)/2 ಅಂದರೆ ಅವೇ 10 ಮತ್ತು 3.

ಇಲ್ಲಿಯವರೆಗೆ ಅವಳೂ ಬಂದಿದ್ದಳು. "ಮಾಮ, ಎರಡೂ ಪ್ಲಸ್ ಬಂದಿದೆ. ಯಾವುದನ್ನ ಹೊಡೆದು ಹಾಕ್ಲಿ?" ಅನ್ನುವುದೇ ಅವಳ ಪ್ರಶ್ನೆ. ಅಳತೆಯ ಲೆಕ್ಕದಲ್ಲಿ ಮೈನಸ್ ಬಂದ ಮೂಲವನ್ನು ಬಿಡಬೇಕು ಅಂತ ಮಕ್ಕಳಿಗೆ ರೂಢಿಯಾಗಿರುತ್ತದೆ. ಇಲ್ಲಿ ಬಿಡುವುದಕ್ಕೆ ಮೈನಸ್ಸೇ ಇಲ್ಲ.

"ಎರಡನ್ನೂ ಸಮೀಕರಣಕ್ಕೆ ಹಾಕಿ ತಾಳೆ ನೋಡು" ಅಂದೆ. ನನಗೆ ಈ ಲೆಕ್ಕ ಇಷ್ಟವಾಗಿದ್ದೇ ಇಲ್ಲಿ. x = 3 ಹಾಕಿದರೆ 160 − (10)(4) = 120, ಸರಿ. x = 10 ಹಾಕಿದರೆ 160 − (−4)(−10), ಅಂದರೆ 160 − 40 = 120. ಇದೂ ಸರಿ! ಉದ್ದ −4 ಮೀ, ಅಗಲ −10 ಮೀ ಇರುವ ಹುಲ್ಲುಹಾಸು ಎಲ್ಲೂ ಇಲ್ಲ. ಆದರೆ ಸಮೀಕರಣ ನೋಡುವುದು ಗುಣಲಬ್ಧವನ್ನು ಮಾತ್ರ. ಎರಡು ಮೈನಸ್ ಸೇರಿ ಪ್ಲಸ್ 40 ಆಯಿತು, ತಪ್ಪು ಮೂಲ ಸಲೀಸಾಗಿ ಪಾಸಾಯಿತು. ಸಮೀಕರಣಕ್ಕೆ ಹಾಕಿ ನೋಡಿದರೆ ಬೀಜಗಣಿತದ ತಪ್ಪು ಸಿಕ್ಕೀತು, ಹೊಂದದ ಮೂಲ ಸಿಗಲಿಕ್ಕಿಲ್ಲ.

ಅದಕ್ಕೆ ತಾಳೆಯನ್ನು ತೋಟದ ಮೇಲೇ ನೋಡಬೇಕು. ಮೇಲೆ ಬರೆದಿಟ್ಟ ಸಾಲಿನ ಪ್ರಕಾರ x 5ಕ್ಕಿಂತ ಕಡಿಮೆ, ಆದ್ದರಿಂದ 10 ಹೋಯಿತು. ಉಳಿದ 3ನ್ನು ಸಮೀಕರಣ ಮುಟ್ಟದೆ ಪರೀಕ್ಷಿಸಿದೆ. ಉದ್ದದ ಪಟ್ಟಿ 16 × 3 = 48, ಎರಡಕ್ಕೆ 96. ಮೂಲೆಗಳು ಅದರಲ್ಲೇ ಸೇರಿದವು, ಹಾಗಾಗಿ ಅಡ್ಡ ಪಟ್ಟಿಯ ಉದ್ದ 10 − 6 = 4. ಅದು 4 × 3 = 12, ಎರಡಕ್ಕೆ 24. ಒಟ್ಟು 120. ದಾರಿಯ ಅಗಲ 3 ಮೀ, ಹುಲ್ಲುಹಾಸು 10 ಮೀ × 4 ಮೀ. ಇದೇ ಪಟ್ಟಿಗಳನ್ನು 10 ಮೀ ಅಗಲಕ್ಕೆ ಹಾಕಿದರೆ ಒಂದೇ ಪಟ್ಟಿ ಇಡೀ ತೋಟವನ್ನು ನುಂಗುತ್ತದೆ. 3 ಮೀ ದಾರಿ ಇಷ್ಟು ಸಣ್ಣ ತೋಟಕ್ಕೆ ಅತಿಯಾಯಿತು, ಅದು ಬೇರೆ ಮಾತು.

ಕುತೂಹಲಕ್ಕೆ ಹೊರಭಾಗ ಅಂತಲೂ ಮಾಡಿ ನೋಡಿದೆ. ಆಗ (16 + 2x)(10 + 2x) − 160 = 120. ಬಿಡಿಸಿದರೆ x² + 13x − 30 = 0, ಅಂದರೆ (x + 15)(x − 2) = 0. ಉತ್ತರ 2 ಮೀ. ದಾರಿಯೂ ಸೇರಿದ ಇಡೀ ಜಾಗ 20 × 14 = 280, ಅದರಲ್ಲಿ ತೋಟದ 160 ಹೋದರೆ 120, ಸರಿ. ಅಂಕಿಗಳು ಅವೇ, ಚಿಹ್ನೆ ಮಾತ್ರ ಬೇರೆ. ಎರಡೂ ಕಡೆ ಪೂರ್ಣಾಂಕವೇ ಬಂದಿದೆ. ಹಾಗಾಗಿ "ಉತ್ತರ ನೀಟಾಗಿ ಬಂತು, ಅಂದಮೇಲೆ ಫೋಟೊ ಓದಿದ್ದು ಸರಿ" ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಎರಡನ್ನೂ ಅಕ್ಕಪಕ್ಕ ಬರೆದು ಚಿತ್ರ ಹಾಕಿದ್ದೇನೆ. ಅವಳಿಗೆ ಮಾತ್ರ ಇನ್ನೊಂದು ಕೊಟ್ಟೆ: ದಾರಿ ಒಳಗೇ ಇರಲಿ, ವಿಸ್ತೀರ್ಣ 120ರ ಬದಲು 168 ಮಾಡು. ಸಮೀಕರಣ x² − 13x + 42 = 0 ಬರುತ್ತದೆ, ಮೂಲಗಳು 6 ಮತ್ತು 7. ಸಂಜೆಗೆ ಉತ್ತರ ಬಂತು: "ಮಾಮ, ಎರಡೂ ಐದಕ್ಕಿಂತ ಜಾಸ್ತಿ, ಎರಡನ್ನೂ ಹೊಡೆದು ಹಾಕಿದೆ. ಈಗ ಉತ್ತರ ಏನು ಬರೀಲಿ?"

"160ರ ತೋಟದೊಳಗೆ 168ರ ದಾರಿ ಹಿಡಿಸಲ್ಲ ಅಂತ ಬರಿ" ಅಂದೆ.